28 ಜನರ ಪೈಲಟ್ ಟ್ರಯಲ್: ಪ್ರಯರ್ ಯಾವುದು ಹಾಕಲಿ, ಫಲಿತಾಂಶ ಹೇಗೆ ಬರೆಯಲಿ?

ಮೆಂತ್ಯಸೊಪ್ಪು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ಸಹಿಸಿಕೊಳ್ಳಿ.

ನಮ್ಮದು ಒಂದು ತಾಲ್ಲೂಕಿನಲ್ಲಿ ಮಾಡಿದ ಚಿಕ್ಕ ಪೈಲಟ್ ಟ್ರಯಲ್. ಖಿನ್ನತೆ ಇರುವವರಿಗೆ ಬಿಹೇವಿಯರಲ್ ಆಕ್ಟಿವೇಶನ್ ಥೆರಪಿ, ಆರು ಭೇಟಿ. ಕೊಟ್ಟವರು ಮನಶ್ಶಾಸ್ತ್ರ ಓದಿದವರಲ್ಲ. ತರಬೇತಿ ಪಡೆದ ಇಬ್ಬರು ಸ್ಥಳೀಯ ಸಮಾಲೋಚಕಿಯರು. ಖಿನ್ನತೆ ಅಳೆಯೋ ಪ್ರಶ್ನಾವಳಿ ಪಿಎಚ್‌ಕ್ಯೂ-9ರಲ್ಲಿ 10 ಅಥವಾ ಅದಕ್ಕಿಂತ ಜಾಸ್ತಿ ಬಂದ 32 ಜನರನ್ನು ಸೇರಿಸಿಕೊಂಡೆವು. ಯಾರು ಯಾವ ಗುಂಪಿಗೆ ಅನ್ನೋದನ್ನು ಕಂಪ್ಯೂಟರ್ ಆರಿಸಿತು, ತಲಾ 16. ಎರಡೂ ಗುಂಪಿನವರ ಸ್ಕೋರನ್ನು ಪಿಎಚ್‌ಸಿ ಡಾಕ್ಟರಿಗೆ ತಿಳಿಸಿದ್ದೆವು. ಥೆರಪಿ ಸಿಕ್ಕಿದ್ದು ಮಾತ್ರ ಒಂದೇ ಗುಂಪಿಗೆ.

12ನೇ ವಾರಕ್ಕೆ ಥೆರಪಿ ಗುಂಪಿನಲ್ಲಿ 13 ಜನ, ಇನ್ನೊಂದರಲ್ಲಿ 15 ಜನ ಸಿಕ್ಕರು. ಆರಂಭದ ಸ್ಕೋರನ್ನು ಲೆಕ್ಕಕ್ಕೆ ತಗೊಂಡ ಮೇಲೆ ಸರಾಸರಿ 7.6 ಮತ್ತು 10.7. ಅಂದರೆ ವ್ಯತ್ಯಾಸ −3.1, ಸ್ಟ್ಯಾಂಡರ್ಡ್ ಎರರ್ 1.9. ಪಿ ವ್ಯಾಲ್ಯೂ 0.11. ಪೇಪರ್ ಇನ್ನೂ ಹೊರಬಂದಿಲ್ಲವಾದ್ದರಿಂದ ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ. ಸ್ವರೂಪ ಮಾತ್ರ ಅದೇ.

ಗೈಡ್ ಹೇಳೋದು, "0.11 ಅಂದ್ರೆ ಪರಿಣಾಮ ಇಲ್ಲ ಅಂತ ಬರೆದು ಮುಗಿಸು". ನಾನು ಅದನ್ನೇ `brms` ಅನ್ನೋ ಬೇಸಿಯನ್ ಪ್ಯಾಕೇಜಿನಲ್ಲಿ ಡಿಫಾಲ್ಟ್ ಪ್ರಯರ್, ಅಂದರೆ ಡೇಟಾ ನೋಡೋ ಮುಂಚಿನ ಅಂದಾಜು, ಇಟ್ಟು ಓಡಿಸಿದರೆ ಥೆರಪಿ ಮೇಲು ಅನ್ನೋ ಸಂಭವನೀಯತೆ 94% ಅಂತ ಬರುತ್ತೆ. ಒಂದೇ ಡೇಟಾ. ಒಂದು ಕಡೆ "ಇಲ್ಲ", ಇನ್ನೊಂದು ಕಡೆ "94%". ಯಾವುದನ್ನು ಬರೆಯಲಿ? ತಾಲ್ಲೂಕು ಆರೋಗ್ಯಾಧಿಕಾರಿಗೂ ಒಂದು ಪುಟದ ವರದಿ ಕೊಡಬೇಕು. ಅವರಿಗೆ ಪ್ರಯರ್ ಪಾಠ ಮಾಡೋಕೆ ಆಗಲ್ಲ.

ಕೋರಮಂಗಲ ಕೋಡರ್

ಡಿಫಾಲ್ಟ್ ಪ್ರಯರ್ ಫ್ಲಾಟ್ ಆಗಿರುತ್ತೆ ಮೇಡಂ. ಫ್ಲಾಟ್ ಅಂದರೆ ಯಾವ ಪಕ್ಷಪಾತವೂ ಇಲ್ಲ, ಆದ್ದರಿಂದ 94% ಸರಿಯಾಗೇ ಇದೆ. ಆದರೆ ಅಷ್ಟಕ್ಕೇ ನಿಂತರೆ ಬೇಸಿಯನ್ ಮಾಡಿ ಏನು ಲಾಭ? ಹಿಂದಿನ ಡೇಟಾ ಇದ್ದರೆ ಬಳಸಬೇಕು. ಗೋವಾದಲ್ಲಿ ಇದೇ ಥೆರಪಿಯ ದೊಡ್ಡ ಟ್ರಯಲ್ ಆಗಿದೆ, ಹೆಲ್ದಿ ಆಕ್ಟಿವಿಟಿ ಪ್ರೋಗ್ರಾಂ. 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು, 495 ಜನ. ಬಿಡಿಐ ಅನ್ನೋ ಇನ್ನೊಂದು ಖಿನ್ನತೆ ಪ್ರಶ್ನಾವಳಿಯ ಸ್ಕೋರಿನಲ್ಲಿ ವ್ಯತ್ಯಾಸ −7.57, ಇಂಟರ್ವಲ್ −10.27ರಿಂದ −4.86. ಅವರ ಸ್ಟ್ಯಾಂಡರ್ಡ್ ಡೀವಿಯೇಶನ್ನಿನಿಂದ ಭಾಗಿಸಿದರೆ ಸುಮಾರು ಅರ್ಧ. ನಿಮ್ಮ ಪಿಎಚ್‌ಕ್ಯೂ ಹರವು 5 ಅಂತ ಇಟ್ಟುಕೊಂಡರೆ −2.6, ಎರರ್ 0.5. ಅದನ್ನೇ ನೇರವಾಗಿ ಪ್ರಯರ್ ಮಾಡಿ: `normal(-2.6, 0.5)`. ಈಗ ತಾನೇ ಲೆಕ್ಕ ಹಾಕಿದೆ, ಸಂಭವನೀಯತೆ ಹೆಚ್ಚುಕಮ್ಮಿ 100% ಬರುತ್ತೆ. ಸಮಸ್ಯೆ ಮುಗೀತು.

ನಾಲ್ಕನೇ ವರ್ಷ ಪಿಎಚ್‌ಡಿ

ಅಯ್ಯೋ ಇದು ನನಗೂ ಬೇಕಿತ್ತು! ನನ್ನದು ಕಾಲೇಜು ವಿದ್ಯಾರ್ಥಿಗಳ ಆತಂಕದ ಮೇಲೆ. ಪಿ 0.06 ಬಂತು, ರಿವ್ಯೂವರ್ ತಿರಸ್ಕರಿಸಿದರು. ಬೇಸಿಯನ್ ಮಾಡಿದರೆ ಪಾಸ್ ಆಗುತ್ತಾ? ಯಾವ ಪ್ರಯರ್ ಹಾಕಿದರೆ ಒಳ್ಳೇದು?

ಗೆರೆಚುಕ್ಕಿ

ಪಿಎಚ್‌ಡಿ ಅವರೇ, ಮೊದಲು ನಿಮಗೆ. ಫಲಿತಾಂಶ ನೋಡಿದ ಮೇಲೆ, ಅದನ್ನು ಪಾಸ್ ಮಾಡಿಸೋ ಪ್ರಯರ್ ಹುಡುಕೋದಾದರೆ ಬೇಡ. ರಿವ್ಯೂವರ್ ಮೊದಲು ಕೇಳೋದು ಅದನ್ನೇ: ಈ ಪ್ರಯರನ್ನು ಯಾವಾಗ ಬರೆದಿರಿ? ನಿಮ್ಮ ಟ್ರಯಲ್ ವಿವರ ಬೇರೆ ಎಳೆಯಲ್ಲಿ ಹಾಕಿ, ಅಲ್ಲಿ ಮಾತಾಡೋಣ.

ಮೆಂತ್ಯಸೊಪ್ಪು ಅವರೇ, ಕೋಡರ್ ಹೇಳಿದ್ದರಲ್ಲಿ ಅರ್ಧ ತುಂಬ ಒಳ್ಳೆಯ ಸಲಹೆ. ಗೋವಾ ಟ್ರಯಲ್ ನೋಡಲೇಬೇಕು. ಉಳಿದರ್ಧದಲ್ಲಿ ಎರಡು ತೊಂದರೆ ಇವೆ.

ಒಂದು, ಫ್ಲಾಟ್ ಅಂದರೆ ಪಕ್ಷಪಾತ ಇಲ್ಲ ಅನ್ನೋದು. ಪ್ರಯರನ್ನು ಯಾವಾಗಲೂ ನಿಮ್ಮ ಸ್ಕೇಲಿನ ಅಂಕಗಳಲ್ಲಿ ಓದಿ. ಪಿಎಚ್‌ಕ್ಯೂ-9 ಸೊನ್ನೆಯಿಂದ 27ರವರೆಗೆ ಹೋಗುತ್ತೆ. ಫ್ಲಾಟ್ ಪ್ರಯರ್ ಪ್ರಕಾರ ಥೆರಪಿಯಿಂದ 2 ಅಂಕ ಇಳಿಯೋದೂ 40 ಅಂಕ ಇಳಿಯೋದೂ ಸಮನಾದ ಸಾಧ್ಯತೆ. 40 ಅಂಕ ಇಳಿಯೋಕೆ ಸ್ಕೇಲಿನಲ್ಲಿ ಜಾಗವೇ ಇಲ್ಲ ಅಲ್ವಾ? ಹೋಗಲಿ, ಕೆಲವರು "ಮೃದು ಪ್ರಯರ್" ಅಂತ `normal(0, 10)` ಹಾಕ್ತಾರೆ. ಅದರಲ್ಲೂ ಮೂರರಲ್ಲಿ ಒಂದು ಪಾಲು ಸಾಧ್ಯತೆ 10 ಅಂಕಕ್ಕಿಂತ ದೊಡ್ಡ ವ್ಯತ್ಯಾಸಕ್ಕೆ ಹೋಗುತ್ತೆ. ಥೆರಪಿ ಇಲ್ಲದ ನಿಮ್ಮ ಗುಂಪಿನ ಸರಾಸರಿಯೇ 10.7. ಥೆರಪಿ ಪಡೆದ ಎಲ್ಲರೂ ಸೊನ್ನೆಗೆ ಬಂದರೂ ವ್ಯತ್ಯಾಸ 10.7 ದಾಟಲ್ಲ. ದೊಡ್ಡ ಟ್ರಯಲ್ಲಿನಲ್ಲಿ ಇದರಿಂದ ಏನೂ ಹಾಳಾಗಲ್ಲ, ಡೇಟಾ ಎಲ್ಲವನ್ನೂ ನುಂಗಿಬಿಡುತ್ತೆ. 28 ಜನರಲ್ಲಿ ಹಾಗಲ್ಲ. −3.1 ಅನ್ನೋ ಗದ್ದಲದ ಅಂಕಿ ಒಂದಿಷ್ಟೂ ತಗ್ಗದೆ ಹಾಗೇ ಉಳಿಯುತ್ತೆ.

ಎರಡು, ಗೋವಾವನ್ನು ನೇರವಾಗಿ ತಂದು ಕೂರಿಸೋದು. ನಾನೂ ಲೆಕ್ಕ ಹಾಕಿದೆ. `normal(-2.6, 0.5)` ಇಟ್ಟರೆ ಪೋಸ್ಟೀರಿಯರ್, ಅಂದರೆ ಪ್ರಯರ್ ಮತ್ತು ಡೇಟಾ ಸೇರಿದ ಮೇಲಿನ ಅಂದಾಜು, −2.63 ಬರುತ್ತೆ. ಅಂದರೆ ನಿಮ್ಮ 28 ಜನ ಸೇರಿ ಉತ್ತರವನ್ನು ಕದಲಿಸಿದ್ದು 0.03 ಅಂಕ! ನೀವು ವರದಿ ಮಾಡ್ತಿರೋದು ನಿಮ್ಮ ತಾಲ್ಲೂಕಿನದಲ್ಲ, ಗೋವಾದ್ದು. ಆ 100% ಕೂಡ ಗೋವಾದ್ದೇ.

ಕೋರಮಂಗಲ ಕೋಡರ್

ಆದರೆ ಸರ್, ಥೆರಪಿ ಒಂದೇ ತಾನೇ? ಬೇಯ್ಸ್ ಸೂತ್ರ ಹೇಳೋದೇ ಅದನ್ನು. ಹಳೆಯ ಪೋಸ್ಟೀರಿಯರ್ ಹೊಸ ಪ್ರಯರ್ ಆಗಬೇಕು. ನೀವು ಅದನ್ನು ಮನಸ್ಸಿಗೆ ಬಂದ ಹಾಗೆ ಸಡಿಲ ಮಾಡಿದರೆ ಅದು ಇನ್ನೂ ದೊಡ್ಡ ಪಕ್ಷಪಾತ ಅಲ್ವಾ?

ಗೆರೆಚುಕ್ಕಿ

ಎರಡೂ ಟ್ರಯಲ್ ಒಂದೇ ಪ್ರಶ್ನೆಯನ್ನು ಕೇಳಿದ್ದರೆ ಆ ಮಾತು ಸರಿ. ಇಲ್ಲಿ ಪ್ರಶ್ನೆ ಬೇರೆ.

ಗೋವಾದಲ್ಲಿ ಸೇರಿಸಿಕೊಂಡಿದ್ದು ಪಿಎಚ್‌ಕ್ಯೂ 14ಕ್ಕಿಂತ ಜಾಸ್ತಿ ಇದ್ದವರನ್ನು. ಇವರದು 10ರಿಂದ ಶುರು. ಕೆಳಗಿನಿಂದ ಶುರು ಮಾಡಿದವರಿಗೆ ಇಳಿಯೋಕೆ ಜಾಗವೇ ಕಡಿಮೆ. ಅಲ್ಲಿ ಅಳತೆ ಬಿಡಿಐ, ಇಲ್ಲಿ ಪಿಎಚ್‌ಕ್ಯೂ. ಅರ್ಧ ಸ್ಟ್ಯಾಂಡರ್ಡ್ ಡೀವಿಯೇಶನ್ ಅಂತ ಪರಿವರ್ತಿಸಿದ್ದೇ ಒಂದು ಊಹೆ. ಅಲ್ಲಿಯ ಸಮಾಲೋಚಕರು ಬಹಳ ಕಾಲದಿಂದ ಬೆಳೆದುಬಂದ ಒಂದು ತಂಡದವರು, ಮೇಲ್ವಿಚಾರಣೆಯೂ ಬಿಗಿ. ಇಲ್ಲಿ ಇಬ್ಬರೇ. ಒಂದೇ ಒಂದು ವಿಷಯ ಚೆನ್ನಾಗಿ ಹೊಂದುತ್ತೆ: ಎರಡೂ ಕಡೆ ಹೋಲಿಕೆಯ ಗುಂಪಿಗೆ ಡಾಕ್ಟರ ಆರೈಕೆ ಇತ್ತು, ಸುಮ್ನೆ ಕಾಯೋ ಪಟ್ಟಿ ಅಲ್ಲ. ಇದು ಮುಖ್ಯ. ಕಾಯೋ ಪಟ್ಟಿಗೆ ಹೋಲಿಸಿದ ಟ್ರಯಲ್‌ಗಳಲ್ಲಿ ಥೆರಪಿಯ ಪರಿಣಾಮ ದೊಡ್ಡದಾಗಿ ಕಾಣುತ್ತೆ. ಅಂಥದರಿಂದ ಪ್ರಯರ್ ತಂದಿದ್ದರೆ ನಾನು ಮೊದಲೇ ಬೇಡ ಅಂತಿದ್ದೆ.

ಹಾಗಾಗಿ ನಾನಾಗಿದ್ದರೆ ಎರಡು ಕೆಲಸ ಮಾಡ್ತಿದ್ದೆ. ಕೇಂದ್ರವನ್ನು ಸೊನ್ನೆಯ ಕಡೆಗೆ ಎಳೆಯೋದು, ಹರವನ್ನು ಅಗಲ ಮಾಡೋದು. `normal(-1.5, 2)`. ಇದನ್ನು ಮಾತಿನಲ್ಲಿ ಹೇಳಿದರೆ: "ಸ್ವಲ್ಪ ಉಪಯೋಗ ಆಗಬಹುದು ಅನ್ನೋ ನಿರೀಕ್ಷೆ ಇದೆ. ಆದರೆ ಉಪಯೋಗವೇ ಆಗದಿರೋದು ಅಥವಾ ಸ್ವಲ್ಪ ಹಾನಿಯಾಗೋದು ಕೂಡ ಆಶ್ಚರ್ಯ ಅಲ್ಲ. 6 ಅಂಕದ ವ್ಯತ್ಯಾಸ ಬಂದರೆ ಮಾತ್ರ ಆಶ್ಚರ್ಯ." ಈ ಮಾತಿಗೆ ನಿಮ್ಮ ಗೈಡ್ ಮತ್ತು ಇಬ್ಬರು ಸಮಾಲೋಚಕಿಯರು ತಲೆಯಾಡಿಸಿದರೆ ಪ್ರಯರ್ ಸರಿ ಇದೆ ಅಂತ ಅರ್ಥ. ತಲೆಯಾಡಿಸದಿದ್ದರೆ ಬದಲಿಸಿ.

ಜೊತೆಗೆ ಒಂದು ಸಂಶಯವಾದಿ ಪ್ರಯರ್ ಇಡಿ, `normal(0, 2.5)`. ಥೆರಪಿಯಿಂದ ಏನೂ ಆಗಲ್ಲ ಅಂತ ನಂಬಿದ, ಆದರೆ ಹಠ ಮಾಡದ ಒಬ್ಬ ಓದುಗರದು ಅದು. ಸಂಶಯಪಡುವವರಿಗೂ ಉತ್ಸಾಹಿಗಳಿಗೂ ಬೇರೆ ಬೇರೆ ಪ್ರಯರ್ ಇಟ್ಟು ತೋರಿಸೋ ಪದ್ಧತಿ ಹೊಸದಲ್ಲ. ಸ್ಪೀಗಲ್‌ಹಾಲ್ಟರ್ ಮತ್ತು ಅವರ ಜೊತೆಗಾರರು 1990ರ ದಶಕದಲ್ಲೇ ಕ್ಲಿನಿಕಲ್ ಟ್ರಯಲ್‌ಗಳಿಗೆ ಇದನ್ನು ಸೂಚಿಸಿದ್ದರು.

ಕೋಡ್ ಇಷ್ಟೇ:

```r
library(brms)
fit <- brm(
  phq12 ~ arm + phq0_c,
  data = pilot,
  prior = c(
    prior(normal(-1.5, 2), class = "b", coef = "arm"),
    prior(normal(0.5, 0.5), class = "b", coef = "phq0_c"),
    prior(normal(10, 5), class = "Intercept"),
    prior(exponential(0.2), class = "sigma")
  ),
  seed = 12
)
hypothesis(fit, c("arm < 0", "arm < -2"))
```

`arm` 0 ಮತ್ತು 1 ಇರಲಿ, ಫ್ಯಾಕ್ಟರ್ ಬೇಡ. `phq0_c`ಗೆ ಬೇರೆ ಪ್ರಯರ್ ಸಾಲು ಇಲ್ಲದೆ `coef = "arm"` ಬರೆಯೋದನ್ನೂ ಮರೆತರೆ ಅದೇ ಪ್ರಯರ್ ಆರಂಭದ ಸ್ಕೋರಿಗೂ ಅಂಟಿಕೊಳ್ಳುತ್ತೆ. ಯಾವ ಎಚ್ಚರಿಕೆಯೂ ಬರಲ್ಲ. ಓಡಿಸಿದ ಮೇಲೆ `prior_summary(fit)` ನೋಡಿದರೆ ಗೊತ್ತಾಗುತ್ತೆ. ಡೇಟಾ ಸೇರಿಸೋ ಮುಂಚೆ ಒಮ್ಮೆ `sample_prior = "only"` ಹಾಕಿ ಓಡಿಸಿ. ಪ್ರಯರ್ ಸೃಷ್ಟಿಸಿದ ಸ್ಕೋರುಗಳಲ್ಲಿ −15, 45 ಅಂಥವು ತುಂಬಿಕೊಂಡಿದ್ದರೆ ಎಲ್ಲೋ ಹರವು ಜಾಸ್ತಿ ಆಗಿದೆ ಅಂತ.

ಸಮಾಲೋಚಕಿ, ಗದಗ

ನಾನು ಸಂಶೋಧಕಿ ಅಲ್ಲ, ಇಂಥದೇ ಒಂದು ಕಾರ್ಯಕ್ರಮದಲ್ಲಿ ಕೆಲಸ ಮಾಡ್ತೀನಿ. 94% ಅಂದರೆ 100 ಜನರಿಗೆ ಥೆರಪಿ ಕೊಟ್ಟರೆ 94 ಜನ ಗುಣ ಆಗ್ತಾರೆ ಅಂತಲೇ? ನಮ್ಮ ಅನುಭವದಲ್ಲಿ ಅಷ್ಟು ಯಾವತ್ತೂ ಆಗಿಲ್ಲ. ಬಿತ್ತನೆ ಸಮಯದಲ್ಲಂತೂ ಎಲ್ಲರಿಗೂ ಸುಸ್ತು, ನಿದ್ದೆ ಇಲ್ಲ ಅಂತಲೇ ಬರುತ್ತೆ.

ಮೆಂತ್ಯಸೊಪ್ಪು

ಇಲ್ಲ ಮೇಡಂ, ಅದು ಗುಣ ಆದವರ ಲೆಕ್ಕ ಅಲ್ಲ. ಗುಂಪಿನ ಸರಾಸರಿ ವ್ಯತ್ಯಾಸ ಸೊನ್ನೆಗಿಂತ ಒಳ್ಳೆಯ ಕಡೆ ಇದೆ ಅನ್ನೋದಕ್ಕೆ ನಾವು ಎಷ್ಟು ಪಣ ಕಟ್ಟಬಹುದು ಅಂತ. ವ್ಯತ್ಯಾಸ 0.1 ಅಂಕ ಇದ್ದರೂ ಅದರಲ್ಲಿ ಸೇರುತ್ತೆ.

ಆದರೆ ನಿಮ್ಮ ಪ್ರಶ್ನೆಯಿಂದ ನನಗೆ ಗಾಬರಿ ಆಯ್ತು. ಆರೋಗ್ಯಾಧಿಕಾರಿಯೂ ಹಾಗೇ ಓದ್ತಾರೆ.

ಗೆರೆಚುಕ್ಕಿ

ಖಂಡಿತ ಹಾಗೇ ಓದ್ತಾರೆ. ಹೋಲಿಕೆಗೆ ಹೇಳೋದಾದರೆ, ಗೋವಾದ ಅಷ್ಟು ಒಳ್ಳೆಯ ಟ್ರಯಲ್ಲಿನಲ್ಲೂ ಥೆರಪಿ ಗುಂಪಿನಲ್ಲಿ ಪಿಎಚ್‌ಕ್ಯೂ 10ಕ್ಕಿಂತ ಕೆಳಗೆ ಬಂದವರು 64%, ಇನ್ನೊಂದು ಗುಂಪಿನಲ್ಲಿ 39%. ಗದಗದ ಮೇಡಂ ಅನುಭವ ಸರಿ ಇದೆ. ಹಾಗಾಗಿ ಒಂಟಿ "94%" ಅನ್ನೋದನ್ನು ಆ ಒಂದು ಪುಟದ ವರದಿಯಲ್ಲಿ ಎಲ್ಲೂ ಬರೆಯಬೇಡಿ.

ನೈಟ್ ಡ್ಯೂಟಿ ಡಾಕ್ಟ್ರು

ಎಲ್ಲರೂ ಪ್ರಯರ್ ಬಗ್ಗೆ ಮಾತಾಡ್ತಿದ್ದೀರಿ. ನನ್ನ ಆಕ್ಷೇಪ ಅದಕ್ಕಿಂತ ಹಿಂದಿನದು. ಪೈಲಟ್ ಟ್ರಯಲ್ಲಿನಿಂದ ಥೆರಪಿ ಕೆಲಸ ಮಾಡುತ್ತಾ ಅಂತ ಕೇಳಲೇಬಾರದು. 2016ರ ಕಾನ್ಸಾರ್ಟ್ ಪೈಲಟ್ ಮಾರ್ಗಸೂಚಿ ನೋಡಿ, ಪರಿಣಾಮದ ಪರೀಕ್ಷೆ ಮಾಡೋದನ್ನು ಅದು ಪ್ರೋತ್ಸಾಹಿಸಲ್ಲ. ಪೈಲಟ್ ಇರೋದು ಜನ ಸಿಗ್ತಾರಾ, ಉಳೀತಾರಾ, ಸಮಾಲೋಚಕಿಯರು ಹೇಳಿಕೊಟ್ಟ ಹಾಗೇ ಮಾಡ್ತಾರಾ ಅಂತ ತಿಳಿಯೋಕೆ. ಪೈಲಟ್ಟಿನ ಪರಿಣಾಮದ ಅಂಕಿ ಹಿಡಿದು ಮುಂದಿನ ಟ್ರಯಲ್ಲಿಗೆ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕಬೇಡಿ ಅಂತ ಹೆಲೆನಾ ಕ್ರೇಮರ್ 2006ರಲ್ಲೇ ಬರೆದರು. ಬೇಸಿಯನ್ ಬಟ್ಟೆ ತೊಡಿಸಿದರೆ ಆ ದೋಷ ಹೋಗಲ್ಲ.

ಮೆಂತ್ಯಸೊಪ್ಪು

ಸರ್, ಒಪ್ಪುತ್ತೇನೆ. ಆದರೆ ಅಂಕಿ ಬಿಟ್ಟರೂ ಜನ ಕೇಳ್ತಾರೆ. ಟೇಬಲ್ಲಿನಲ್ಲಿ ಎರಡು ಸರಾಸರಿ ಕಂಡರೆ ಸಾಕು, ಓದುಗರೇ ಕಳೆದುಕೊಳ್ತಾರೆ. ಆಗ ಅನಿಶ್ಚಿತತೆ ಕಾಣದ ಹಾಗೆ ಆಗುತ್ತೆ ಅಲ್ವಾ?

ಉಳಿದವರ ಲೆಕ್ಕವನ್ನೂ ಮಾಡಿದೆ. ಥೆರಪಿ ಗುಂಪಿನಲ್ಲಿ 16ರಲ್ಲಿ 13. ನಾವು ಮೊದಲೇ ಬರೆದಿಟ್ಟ ಗುರಿ 75% ಉಳಿಯಬೇಕು ಅಂತ. 13 ಅಂದರೆ 81%, ಗುರಿ ದಾಟಿದೆವು ಅಂತ ಖುಷಿಯಲ್ಲಿದ್ದೆ.

ಗೆರೆಚುಕ್ಕಿ

ಅಲ್ಲೂ ಅದೇ ಲೆಕ್ಕ ಹಾಕಿ ನೋಡಿ. `beta(1, 1)` ಪ್ರಯರ್ ಇಟ್ಟರೆ ಪೋಸ್ಟೀರಿಯರ್ `beta(14, 4)`. ಇಂಟರ್ವಲ್ ಸುಮಾರು 57%ರಿಂದ 93%. ನಿಜವಾದ ಪ್ರಮಾಣ 75%ಕ್ಕಿಂತ ಮೇಲಿದೆ ಅನ್ನೋ ಸಂಭವನೀಯತೆ ಸುಮಾರು 65% ಮಾತ್ರ. ಗುರಿ ದಾಟಿದೆವು ಅನ್ನೋ ವಾಕ್ಯ ನಿಜ. ಮುಂದಿನ ಟ್ರಯಲ್ಲಿನಲ್ಲೂ ದಾಟ್ತೀವಿ ಅನ್ನೋದಕ್ಕೆ ಅದು ಮೂರರಲ್ಲಿ ಎರಡು ಪಾಲಿನ ಭರವಸೆ. ಡಾಕ್ಟ್ರು ಹೇಳಿದ ಹಾಗೆ ವರದಿಯಲ್ಲಿ ಇದೇ ಮೊದಲು ಬರಬೇಕು. ಅದರಲ್ಲಿ ನನಗೆ ತಕರಾರಿಲ್ಲ.

ಪರಿಣಾಮವನ್ನು ಪೂರ್ತಿ ಬಿಡಬೇಕು ಅನ್ನೋದಕ್ಕೆ ಮಾತ್ರ ನಾನು ಒಪ್ಪಲ್ಲ. ಪ್ರಯರ್ ಇರೋದರಿಂದ ಅಂಕಿ ತಗ್ಗುತ್ತೆ, ಕ್ರೇಮರ್ ಭಯಪಟ್ಟ ಹಾಗೆ ಉಬ್ಬಿದ ಅಂಕಿ ಮುಂದಿನ ಟ್ರಯಲ್ಲಿಗೆ ಹೋಗೋದು ಕಡಿಮೆಯಾಗುತ್ತೆ.

ನೈಟ್ ಡ್ಯೂಟಿ ಡಾಕ್ಟ್ರು

ತಗ್ಗುತ್ತೆ, ಸರಿ. ಅಬ್‌ಸ್ಟ್ರಾಕ್ಟಿನಲ್ಲಿ ಬಂತು ಅಂದರೆ ಜನ ಎತ್ತಿಕೊಂಡು ಹೋಗ್ತಾರೆ ಅನ್ನೋದು ನನ್ನ ಮಾತು. ಅದಕ್ಕೆ ಉತ್ತರ ಕೊಡಿ.

ಮೆಂತ್ಯಸೊಪ್ಪು

ಮೂರೂ ಪ್ರಯರ್ ಓಡಿಸಿದೆ. ಪಿಎಚ್‌ಕ್ಯೂನಲ್ಲಿ 5 ಅಂಕ ಅರ್ಥಪೂರ್ಣ ಬದಲಾವಣೆ ಅಂತ ಬಹಳ ಕಡೆ ಬಳಸ್ತಾರೆ, ಅದನ್ನೂ ಸೇರಿಸಿದ್ದೇನೆ.

| ಪ್ರಯರ್ | ವ್ಯತ್ಯಾಸ | 95% ಇಂಟರ್ವಲ್ | ಥೆರಪಿ ಮೇಲು | 2 ಅಂಕಕ್ಕಿಂತ ಮೇಲು | 5 ಅಂಕಕ್ಕಿಂತ ಮೇಲು |
|---|---|---|---|---|---|
| ಫ್ಲಾಟ್ | −3.1 | −7.0, 0.8 | 94% | 72% | 16% |
| ಗೋವಾ, ತಗ್ಗಿಸಿದ್ದು | −2.3 | −5.0, 0.4 | 96% | 60% | 3% |
| ಸಂಶಯವಾದಿ | −2.0 | −4.9, 1.0 | 90% | 49% | 2% |

ನೋಡಿ ನನಗೆ ಆಶ್ಚರ್ಯ ಆಯ್ತು. "ಥೆರಪಿ ಮೇಲು" ಅನ್ನೋ ಕಾಲಂನಲ್ಲಿ ಮೂರೂ ಹತ್ತಿರ ಹತ್ತಿರ. ಬಲಕ್ಕೆ ಹೋದ ಹಾಗೆ ಕತೆ ಬದಲಾಗುತ್ತೆ. ಹಾಗಾದರೆ 5 ಅಂಕದ ಕಾಲಂ ನೋಡಿ "ಉಪಯೋಗಕ್ಕೆ ಬಾರದ ಥೆರಪಿ" ಅಂತ ಬರೆಯಬೇಕಾ?

ಗೆರೆಚುಕ್ಕಿ

ಟೇಬಲ್ ಚೆನ್ನಾಗಿದೆ. ಕೊನೆಯ ಕಾಲಂ ತೆಗೆದುಬಿಡಿ.

5 ಅಂಕ ಅನ್ನೋದು ಒಬ್ಬ ವ್ಯಕ್ತಿಯ ಬದಲಾವಣೆಗೆ ಇಟ್ಟ ಗುರುತು. ಒಬ್ಬರ ಸ್ಕೋರ್ 16ರಿಂದ 11ಕ್ಕೆ ಬಂದರೆ ಅವರಿಗೆ ನಿಜವಾಗಿ ಹಗುರ ಅನಿಸಿರಬಹುದು ಅಂತ ಅದರ ಅರ್ಥ. ಎರಡು ಗುಂಪುಗಳ ಸರಾಸರಿ ವ್ಯತ್ಯಾಸಕ್ಕೆ ಅದೇ ಅಳತೆ ಹಿಡಿಯೋದು ತಪ್ಪು. ನೂರರಲ್ಲಿ ನಲವತ್ತು ಜನಕ್ಕೆ ಥೆರಪಿಯಿಂದ 5 ಅಂಕ ಹೆಚ್ಚುವರಿಯಾಗಿ ಇಳಿದು, ಉಳಿದವರಿಗೆ ಏನೂ ಆಗದಿದ್ದರೆ ಸರಾಸರಿ ವ್ಯತ್ಯಾಸ 2 ಅಂಕ ಬರುತ್ತೆ. ನಲವತ್ತು ಜನಕ್ಕೆ ಉಪಯೋಗ ಆದ ಥೆರಪಿಯನ್ನು ಉಪಯೋಗಕ್ಕೆ ಬಾರದ್ದು ಅಂತೀರಾ?

ಕೋರಮಂಗಲ ಕೋಡರ್

ಹಾಗಾದರೆ 2 ಎಲ್ಲಿಂದ ಬಂತು ಸರ್? ಅದೂ ಯಾರೋ ಇಟ್ಟಿದ್ದೇ ಅಲ್ವಾ. 1.5 ಅಂದರೆ ಇನ್ನೊಂದು ಉತ್ತರ, 3 ಅಂದರೆ ಮತ್ತೊಂದು. ಗೋವಾದ ಅಂಕಿಯನ್ನು −1.5ಕ್ಕೆ ಇಳಿಸಿದ್ದಕ್ಕೂ ಸೂತ್ರ ಇಲ್ಲ.

ಗೆರೆಚುಕ್ಕಿ

ನ್ಯಾಯವಾದ ಪ್ರಶ್ನೆ. ಎರಡಕ್ಕೂ ಸೂತ್ರ ಇಲ್ಲ. 2 ಅನ್ನೋದು ಆ ತಾಲ್ಲೂಕಿನಲ್ಲಿ ಆರು ಭೇಟಿಯ ಖರ್ಚಿಗೆ ಎಷ್ಟು ಉಪಯೋಗ ಸಿಕ್ಕರೆ ಸಾಕು ಅನ್ನೋ ತೀರ್ಮಾನ. ಅದನ್ನು ಮಾಡಬೇಕಾದವರು ಸ್ಟ್ಯಾಟಿಸ್ಟಿಕ್ಸ್‌ನವರಲ್ಲ. ಬೇಕಾದರೆ ಪೋಸ್ಟೀರಿಯರನ್ನು ಒಂದು ಗೆರೆಯಾಗಿ ಬರೆದು, 1 ಅಂಕಕ್ಕಿಂತ ಮೇಲು, 2ಕ್ಕಿಂತ ಮೇಲು, 3ಕ್ಕಿಂತ ಮೇಲು ಅಂತ ಪೂರ್ತಿ ತೋರಿಸಿ. ಓದುಗರು ತಮ್ಮ ಗುರುತು ತಾವೇ ಆರಿಸಿಕೊಳ್ಳಲಿ. −1.5 ಬಗ್ಗೆ ನನ್ನ ವಾದ ಹೇಳಿದ್ದೇನೆ, ನಿಮಗೆ ಒಪ್ಪಿಗೆ ಆಗದಿದ್ದರೆ −2 ಇಟ್ಟು ನೋಡಿ. ಉತ್ತರ ಬಹಳ ಕದಲಲ್ಲ ಅಂತ ಕಾಣುತ್ತೆ.

ನಾವು ಇಷ್ಟು ಹೊತ್ತು ಜಗಳ ಆಡ್ತಿರೋದು −2.0 ಮತ್ತು −2.3ರ ನಡುವಿನ 0.3 ಅಂಕಕ್ಕೆ. ಅದಕ್ಕಿಂತ ದೊಡ್ಡದು ಒಂದನ್ನು ಯಾರೂ ಮುಟ್ಟಲಿಲ್ಲ. ಥೆರಪಿ ಗುಂಪಿನಿಂದ ಹೋದ ಮೂವರು ಯಾಕೆ ಹೋದರು?

ಮೆಂತ್ಯಸೊಪ್ಪು

ಒಬ್ಬರು ಕೆಲಸಕ್ಕೆ ಗುಳೆ ಹೋದರು. ಇನ್ನಿಬ್ಬರು ಎರಡನೇ ಭೇಟಿಯ ಮೇಲೆ ಬಾಗಿಲು ತೆಗೆಯಲಿಲ್ಲ. ಇನ್ನೊಂದು ಗುಂಪಿನವರೊಬ್ಬರು ಫೋನಿಗೆ ಸಿಗಲಿಲ್ಲ.

ಗೆರೆಚುಕ್ಕಿ

ಬಾಗಿಲು ತೆಗೆಯದವರು ಗುಣ ಆದವರೂ ಇರಬಹುದು, ಇನ್ನಷ್ಟು ಕುಗ್ಗಿದವರೂ ಇರಬಹುದು. ಮಾಡೆಲ್ ಅವರನ್ನು ಬಿಟ್ಟೇಬಿಟ್ಟಿದೆ. ಒಂದು ಲೆಕ್ಕ ಹಾಕೋಣ. ಆ ಮೂವರ ಸ್ಕೋರ್ 12ರಲ್ಲೇ ಉಳಿದಿದ್ದರೆ ಥೆರಪಿ ಗುಂಪಿನ ಸರಾಸರಿ 7.6ರಿಂದ 8.4ಕ್ಕೆ ಏರುತ್ತೆ. ಇನ್ನೊಂದು ಗುಂಪಿನವರನ್ನು ಅವರ ಸರಾಸರಿಯಲ್ಲೇ ಇಡಿ. ವ್ಯತ್ಯಾಸ −3.1 ಇದ್ದದ್ದು −2.3 ಆಯ್ತು. ಯಾವ ಪ್ರಯರ್ ಹಾಕೋ ಮುಂಚೆಯೇ 0.8 ಅಂಕ ಹೋಯ್ತು. ಅದರ ಮೇಲೆ ಪ್ರಯರ್ ಇನ್ನಷ್ಟು ತಗ್ಗಿಸುತ್ತೆ. ಅವರ ಸ್ಕೋರ್ 8, 12, 16 ಅಂತ ಬೇರೆ ಬೇರೆ ಇಟ್ಟು ಮತ್ತೆ ಓಡಿಸಿ, ಅದನ್ನೂ ವರದಿಯಲ್ಲಿ ಹಾಕಿ. ಇಷ್ಟು ಚಿಕ್ಕ ಟ್ರಯಲ್ಲಿನಲ್ಲಿ ಪ್ರಯರ್‌ಗಿಂತ ಇದೇ ಜಾಸ್ತಿ ಅಲುಗಾಡಿಸೋದು.

ಇಬ್ಬರೇ ಸಮಾಲೋಚಕಿಯರು ಅನ್ನೋದೂ ಅಂಥದ್ದೇ. ಥೆರಪಿಯ ಗುಣವೋ ಆ ಇಬ್ಬರ ಕೈಗುಣವೋ ಅಂತ ಈ ಡೇಟಾದಿಂದ ಬಿಡಿಸೋಕೆ ಆಗಲ್ಲ. ಮಾಡೆಲ್ಲಿನಲ್ಲಿ ಸಮಾಲೋಚಕಿಯರ ನಡುವಿನ ವ್ಯತ್ಯಾಸ ಸೇರಿಸಿದರೆ ಬರೋ ಉತ್ತರ ಬಹುಪಾಲು ನೀವು ಅದಕ್ಕೆ ಇಟ್ಟ ಪ್ರಯರೇ ಆಗಿರುತ್ತೆ. ಬಾಯಿಮಾತಿನಲ್ಲಿ ಬರೆದುಬಿಡಿ ಸಾಕು.

ಮೆಂತ್ಯಸೊಪ್ಪು

ಕರಡು ಬರೆದಿದ್ದೇನೆ. ಆರೋಗ್ಯಾಧಿಕಾರಿಗೆ ಕೊಡೋ ಪುಟಕ್ಕೆ:

"32 ಜನರನ್ನು ಸೇರಿಸಿಕೊಂಡೆವು. ಥೆರಪಿ ಗುಂಪಿನ 16 ಜನರಲ್ಲಿ 13 ಜನ ಕೊನೆಯವರೆಗೆ ಉಳಿದರು. ಉಳಿದವರಲ್ಲಿ, ಥೆರಪಿ ಪಡೆದವರ ಖಿನ್ನತೆಯ ಸ್ಕೋರ್ ಇನ್ನೊಂದು ಗುಂಪಿಗಿಂತ ಸರಾಸರಿ 2 ಅಂಕದಷ್ಟು ಕಡಿಮೆ ಇರಬಹುದು ಅನ್ನೋದು ನಮ್ಮ ಅಂದಾಜು. ಈ ಅಂದಾಜಿಗೆ ಗೋವಾದ ದೊಡ್ಡ ಅಧ್ಯಯನವನ್ನೂ ಭಾಗಶಃ ಬಳಸಿದ್ದೇವೆ. ನಿಜವಾದ ವ್ಯತ್ಯಾಸ 5 ಅಂಕದಷ್ಟು ದೊಡ್ಡದಿರಬಹುದು, ಇಲ್ಲವೇ ಇಲ್ಲದಿರಲೂಬಹುದು. 2 ಅಂಕಕ್ಕಿಂತ ಜಾಸ್ತಿ ಉಪಯೋಗ ಇದೆಯೇ ಅನ್ನೋದು ಸದ್ಯಕ್ಕೆ ಹೆಚ್ಚುಕಮ್ಮಿ ಅರ್ಧಕ್ಕರ್ಧ ಸಾಧ್ಯತೆ. ಬಿಟ್ಟುಹೋದ ಮೂವರ ಸ್ಥಿತಿ ಕೆಟ್ಟಿದ್ದರೆ ಉಪಯೋಗ ಇನ್ನೂ ಕಡಿಮೆ. ತಾಲ್ಲೂಕಿಗೆಲ್ಲ ವಿಸ್ತರಿಸುವ ತೀರ್ಮಾನಕ್ಕೆ ಈ ಅಧ್ಯಯನ ಸಾಲದು. ದೊಡ್ಡ ಅಧ್ಯಯನ ನಡೆಸಲು ಸಾಧ್ಯವಿದೆ ಎಂದು ಮಾತ್ರ ಇದು ತೋರಿಸುತ್ತದೆ."

ಪೇಪರಿನಲ್ಲಿ ಮೂರು ಪ್ರಯರ್‌ಗಳ ಟೇಬಲ್ ಇರುತ್ತೆ. ಸಿಟಿಆರ್‌ಐ ನೋಂದಣಿಯಲ್ಲಿ ಬೇಸಿಯನ್ ವಿಶ್ಲೇಷಣೆ ಇರಲಿಲ್ಲ, ಪ್ರಯರ್‌ಗಳನ್ನು ಡೇಟಾ ನೋಡಿದ ಮೇಲೆ ಆರಿಸಿದ್ದು ಅಂತಲೂ ಬರೆಯುತ್ತೇನೆ. ಪರಿಣಾಮದ ಅಂಕಿ ಅಬ್‌ಸ್ಟ್ರಾಕ್ಟಿನಲ್ಲಿ ಇಂಟರ್ವಲ್ ಇಲ್ಲದೆ ಎಲ್ಲೂ ಬರಲ್ಲ.

ನೈಟ್ ಡ್ಯೂಟಿ ಡಾಕ್ಟ್ರು

ಪುಟ ಚೆನ್ನಾಗಿದೆ. ಅಬ್‌ಸ್ಟ್ರಾಕ್ಟಿನಲ್ಲಿ ಬೇಡ ಅನ್ನೋದು ಈಗಲೂ ನನ್ನ ಅಭಿಪ್ರಾಯ. ಇಂಟರ್ವಲ್ಲನ್ನು ಯಾರೂ ಓದಲ್ಲ.

ಸಮಾಲೋಚಕಿ, ಗದಗ

ಈಗ ಅರ್ಥ ಆಯ್ತು, ಥ್ಯಾಂಕ್ಸ್. ಒಂದು ಸಣ್ಣ ಪ್ರಶ್ನೆ. ನಮ್ಮಲ್ಲಿ ಬಹಳ ಜನಕ್ಕೆ ಓದೋಕೆ ಬರಲ್ಲ, ಪ್ರಶ್ನೆಗಳನ್ನು ನಾವೇ ಓದಿ ಹೇಳ್ತೀವಿ. 12ನೇ ವಾರ ನಿಮ್ಮಲ್ಲಿ ಯಾರು ಓದಿ ಕೇಳಿದ್ದು? ನಮ್ಮ ಹತ್ತಿರ ಆರು ಸಲ ಕೂತು ಮಾತಾಡಿದವರು ನಮ್ಮೆದುರಿಗೆ "ಇನ್ನೂ ಬೇಜಾರು" ಅಂತ ಹೇಳೋಕೆ ಸಂಕೋಚ ಪಡ್ತಾರೆ. ಬೇರೆಯವರು ಕೇಳಿದರೆ ಹೇಳ್ತಾರೆ.

ಮೆಂತ್ಯಸೊಪ್ಪು

ಬೇರೆ ಒಬ್ಬ ಫೀಲ್ಡ್ ಸಹಾಯಕರು ಕೇಳಬೇಕಿತ್ತು. ರಿಜಿಸ್ಟರ್ ತೆಗೆದು ನೋಡಿದೆ. ಅವರು ರಜೆಯಲ್ಲಿದ್ದಾಗ ಥೆರಪಿ ಗುಂಪಿನ ಐದು ಜನರನ್ನು ಸಮಾಲೋಚಕಿಯರೇ ಕೇಳಿದ್ದಾರೆ. ಗೆರೆಚುಕ್ಕಿ ಸರ್, ಇದಕ್ಕೆ ಏನಾದರೂ ಮಾಡಬಹುದಾ? ಆ ಐವರ ಸ್ಕೋರ್ ಉಳಿದ ಎಂಟು ಜನರಿಗಿಂತ ಕಡಿಮೆಯೇ ಇದೆ.

ಗೆರೆಚುಕ್ಕಿ

ಐದಕ್ಕೆ ಎಂಟು ಹೋಲಿಸಿ ಏನೂ ಹೇಳೋಕೆ ಆಗಲ್ಲ. ಸಂಕೋಚದಿಂದ ಎಷ್ಟು ಅಂಕ ಇಳಿದಿರಬಹುದು ಅನ್ನೋದಕ್ಕೂ ಒಂದು ಪ್ರಯರ್ ಇಡಬಹುದು, ಅಂದರೆ ಆ ಐವರ ಸ್ಕೋರಿಗೆ 1ರಿಂದ 3 ಅಂಕ ಸೇರಿಸಿ ಓಡಿಸೋದು. 2 ಅಂಕ ಸೇರಿಸಿದರೆ ಗುಂಪಿನ ಸರಾಸರಿ 0.8 ಏರುತ್ತೆ, ಬಿಟ್ಟುಹೋದವರ ಲೆಕ್ಕದಷ್ಟೇ. ಎರಡೂ ಒಟ್ಟಿಗೆ ಸೇರಿದರೆ ಉಳಿಯೋದು ಒಂದೂವರೆ ಅಂಕದಷ್ಟು. ಆ 1ರಿಂದ 3 ಅನ್ನೋದು ಸರಿಯಾ ಅಂತ ನನಗಿಂತ ಗದಗದ ಮೇಡಂಗೇ ಚೆನ್ನಾಗಿ ಗೊತ್ತಿರುತ್ತೆ. ಮೇಡಂ, ನಿಮ್ಮ ಅಂದಾಜು ಎಷ್ಟು?